ಕೆರೆಗೆ ಕೇಳಿದ ಹಣ ಮತ್ತು ಒಂದು ಬಕೆಟ್ಟಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ವರ್ತಕರ ಸಂಘದವರು ನನ್ನನ್ನು ತಮ್ಮ ಮಾಸಿಕ ಸಭೆಗೆ ಕರೆದಿದ್ದರು. ಬೆಂಗಳೂರಿನ ಅಂಚಿನಲ್ಲಿರುವ ಹನ್ನೆರಡು ಎಕರೆಯ ನಮ್ಮ ಕೆರೆಯ ಶುದ್ಧೀಕರಣಕ್ಕೆ ಅವರಿಂದ ಹಣ ಕೇಳುವುದು ನನ್ನ ಪಾಲಿಗೆ ಬಂದಿದ್ದ ಕೆಲಸ. ಕಿರಾಣಿ, ಔಷಧಿ ಮತ್ತು ಹಾರ್ಡ್‌ವೇರ್ ಅಂಗಡಿಗಳವರು, ದರ್ಶಿನಿ ನಡೆಸುವವರು, ವಾಹನ ತೊಳೆಯುವ ಶೆಡ್ಡಿನವರು ಸೇರಿ ಐವತ್ತೈದು ಜನ ಕುಳಿತಿದ್ದರು. ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕನಾದ ನನಗೆ ಭಾಷಣ ಹೊಸತಲ್ಲ. ಹಣ ಕೇಳುವುದು ಮಾತ್ರ ಇಂದಿಗೂ ಒಗ್ಗಿಲ್ಲ.

ಎರಡು ವರ್ಷಗಳ ಹಿಂದೆ ಇದೇ ಸಭೆಯಲ್ಲಿ ಮಾತನಾಡಿ ನಾನು ಸೋತಿದ್ದೆ. ಅಂದು ಕೆಂಪೇಗೌಡರ ಕಾಲದ ಕೆರೆಗಳು, ವಲಸೆ ಬರುವ ಹಕ್ಕಿಗಳು, ಮುಂದಿನ ಪೀಳಿಗೆ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಂತು, ಒಂದು ಭಾನುವಾರಕ್ಕೆ ಸಾಲುವಷ್ಟು ಹಣವೂ ಬಂತು. ಅದರಲ್ಲಿ ಬ್ಯಾನರ್, ಟೀ ಶರ್ಟು, ಇಡ್ಲಿ-ವಡೆಗಳ ಖರ್ಚು ಕಳೆದು ಉಳಿದದ್ದು ಅಲ್ಪ. ನೂರು ಮಂದಿ ಸ್ವಯಂಸೇವಕರು ಬೆಳಗಿನಿಂದ ಮಧ್ಯಾಹ್ನದವರೆಗೆ, ಜನ ಅಂತರಗಂಗೆ ಎಂದು ಕರೆಯುವ ಆ ನೇರಳೆ ಹೂವಿನ ಜಲಕಳೆಯನ್ನು ಎಳೆದು ದಡಕ್ಕೆ ಹಾಕಿದೆವು.

ಆ ಭಾನುವಾರದ ಲೆಕ್ಕವನ್ನು ನಾನು ನಂತರ ಮಾಡಿ ನೋಡಿದೆ, ಮೊದಲೇ ಮಾಡಬೇಕಿತ್ತು. ಈ ಕಳೆ ದಟ್ಟವಾಗಿ ಬೆಳೆದಾಗ ಒಂದು ಹೆಕ್ಟೇರಿನಲ್ಲಿ 200 ಟನ್ನಿಗೂ ಹೆಚ್ಚು ತೂಗುತ್ತದೆ. ಅದರಲ್ಲಿ ಬಹುಪಾಲು ನೀರೇ. ನಮ್ಮ ಕೆರೆಯಲ್ಲಿ ಅದು ಐದು ಎಕರೆ, ಅಂದರೆ ಎರಡು ಹೆಕ್ಟೇರಿನಷ್ಟು ಹಬ್ಬಿತ್ತು. ಕಡಿಮೆಯೆಂದರೂ 400 ಟನ್. ಒಬ್ಬೊಬ್ಬರು 400 ಕಿಲೋ ಎಳೆದರೂ ನೂರು ಜನರಿಂದ ಹೊರಬಂದದ್ದು 40 ಟನ್, ಹತ್ತರಲ್ಲಿ ಒಂದು ಪಾಲು. ಅದನ್ನೂ ನೀರಿನ ಅಂಚಿನಲ್ಲೇ ರಾಶಿ ಹಾಕಿದ್ದರಿಂದ, ಕೊಳೆತ ರಸ ಮತ್ತೆ ಕೆರೆಗೇ ಇಳಿದು ಉಳಿದ ಕಳೆಗೆ ಗೊಬ್ಬರವಾಯಿತು. ಒಂದು ವೇಳೆ ಹತ್ತರಲ್ಲಿ ಒಂಬತ್ತು ಪಾಲನ್ನು ತೆಗೆದಿದ್ದೆವೆಂದೇ ಇಟ್ಟುಕೊಳ್ಳೋಣ. ಕೊಳಚೆ ತುಂಬಿದ ಬೆಚ್ಚಗಿನ ನೀರಿನಲ್ಲಿ ಈ ಕಳೆ ಎರಡು ವಾರದೊಳಗೆ ಇಮ್ಮಡಿಯಾಗಬಲ್ಲದು. ಒಂದು ಪಾಲು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಲು ಆರು ವಾರ ಸಾಕು.

ಆದ್ದರಿಂದ ಈ ಬಾರಿ ನಾನು ಭಾನುವಾರಕ್ಕೆ ಹಣ ಕೇಳಲಿಲ್ಲ. ಮೂರು ವರ್ಷಗಳ ಕಾಲ ಪ್ರತಿ ಅಂಗಡಿಯಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿ ಕೇಳಿದೆ. ಮೊದಲ ದೊಡ್ಡ ತೆರವನ್ನು ಯಂತ್ರ ತಂದು ಪಾಲಿಕೆಯೇ ಮಾಡಬೇಕು. ಹೂಳೆತ್ತುವುದು ಕೋಟಿಗಳ ಬಾಬತ್ತು, ಅನುಮತಿಯಿಲ್ಲದೆ ನಾವು ಅದಕ್ಕೆ ಕೈ ಹಾಕುವಂತೆಯೂ ಇಲ್ಲ. ನಮ್ಮ ಹಣ ಆಮೇಲಿನ ಕೆಲಸಕ್ಕೆ. ಐವತ್ತೈದು ಸಾವಿರದಲ್ಲಿ ಇಬ್ಬರು ಕೆಲಸಗಾರರ ಸಂಬಳ ಮೂವತ್ತಾರು ಸಾವಿರ. ಉಳಿದದ್ದು ಹರಿಗೋಲು, ಗಂಬೂಟು, ಕೈಗವಸು, ಟ್ರ್ಯಾಕ್ಟರ್ ಬಾಡಿಗೆಗೆ. ಆ ಇಬ್ಬರು ದಿನವೂ ಹರಿಗೋಲಿನಲ್ಲಿ ಸುತ್ತಿ ಕಳೆಯ ಚಿಕ್ಕ ಗಿಡಗಳನ್ನು ತೆಗೆಯುತ್ತಾರೆ. ರಾಜಕಾಲುವೆ ಕೆರೆಗೆ ಸೇರುವಲ್ಲಿರುವ ಕಬ್ಬಿಣದ ಜಾಲರಿಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಪ್ರತಿ ಮಳೆಯ ಮುಂಚೆ ಬಳಿಯುತ್ತಾರೆ. ಬಳಿಯದಿದ್ದರೆ ನೀರು ಹಿಂದಕ್ಕೆ ಒತ್ತಿ, ಮುಖ್ಯರಸ್ತೆಯ ಅಂಗಡಿಗಳಿಗೇ ನುಗ್ಗುತ್ತದೆ. ಈ ಒಂದು ವಾಕ್ಯಕ್ಕೆ ಸಭೆ ಕಿವಿಗೊಟ್ಟಷ್ಟು ಹಕ್ಕಿಗಳ ಮಾತಿಗೆ ಎಂದೂ ಕೊಟ್ಟಿರಲಿಲ್ಲ.

'ದೊಡ್ಡ ಕಂಪನಿಗಳು ಕೊಡಬಹುದಲ್ಲ ಮೇಷ್ಟ್ರೇ, ನಾವೇ ಯಾಕೆ?' ಎಂದು ಹಾರ್ಡ್‌ವೇರ್ ಅಂಗಡಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. 2013ರ ಕಂಪನಿ ಕಾಯ್ದೆ ಒಂದು ಮಿತಿಗಿಂತ ದೊಡ್ಡದಾದ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವ್ಯಯಿಸಬೇಕೆಂದು ಹೇಳುತ್ತದೆ. ಆದರೆ ನನ್ನ ಅನುಭವದಲ್ಲಿ ಆ ಹಣ ನಡಿಗೆ ಪಥಕ್ಕೆ, ಬೇಲಿಗೆ, ಹೆಸರು ಬರೆದ ಫಲಕಕ್ಕೆ ಸಲೀಸಾಗಿ ಬರುತ್ತದೆ. ಹರಿಗೋಲಿನವನ ಸಂಬಳಕ್ಕೆ ಬರುವುದಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನಿರ್ವಹಣೆಗೆ ಅಲ್ಲಿನ ನಿವಾಸಿಗಳ ಟ್ರಸ್ಟ್ 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡ ಬಳಿಕ, ಸುತ್ತಲಿನವರ ದೇಣಿಗೆಗಳ ಬಲವನ್ನೂ ನೆಚ್ಚಿ ಕೆಲಸ ಮಾಡಿದ್ದನ್ನು ಅವರಿಗೆ ತಿಳಿಸಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಅಂದೇ ಎಲ್ಲರೂ ಸಹಿ ಹಾಕುತ್ತಿದ್ದರೇನೋ. ಆದರೆ ನನ್ನ ಚೀಲದಲ್ಲಿ ಇನ್ನೊಂದು ಕಾಗದವಿತ್ತು.

ಕೆರೆಗೆ ಕೊಳಚೆ ಸೇರುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ವಾರಗಟ್ಟಲೆ ಮಳೆಯಿಲ್ಲದ ಬೇಸಿಗೆಯಲ್ಲಿ ರಾಜಕಾಲುವೆ ಒಣಗಿರಬೇಕು. ಅಲ್ಲಿ ನೀರು ಹರಿಯುತ್ತಿದ್ದರೆ ಅದು ಯಾರದೋ ಮನೆಯ, ಅಂಗಡಿಯ ನೀರು. ನಾವು ಮಣ್ಣಿನ ಮೂಟೆಗಳನ್ನು ಅಡ್ಡವಿಟ್ಟು, ಹರಿವೆಲ್ಲ ಒಂದು ಕೊಳವೆಯಲ್ಲಿ ಬೀಳುವಂತೆ ಮಾಡಿ, 20 ಲೀಟರಿನ ಬಕೆಟ್ ಹಿಡಿದೆವು. ಕೊಳಚೆ ಬೆಳಿಗ್ಗೆ ಹೆಚ್ಚು, ನಡುರಾತ್ರಿ ಕಡಿಮೆ. ಹಾಗಾಗಿ ದಿನಕ್ಕೆ ನಾಲ್ಕು ಹೊತ್ತು ಅಳೆದು ಸರಾಸರಿ ತೆಗೆದೆವು. ಬಕೆಟ್ ತುಂಬಲು 10 ಸೆಕೆಂಡು. ಸೆಕೆಂಡಿಗೆ ಎರಡು ಲೀಟರ್ ಎಂದರೆ ದಿನಕ್ಕೆ 1,72,800 ಲೀಟರ್. ಒಬ್ಬರಿಂದ ನೂರು ಲೀಟರ್ ಎಂದು ಹಿಡಿದರೆ 1,700 ಜನರ ಕೊಳಚೆ. ಇದು ನಿಲ್ಲದೆ ಕಳೆ ನಿಲ್ಲದು. ಐವತ್ತೈದು ಸಾವಿರವೂ ತಿಂಗಳು ತಿಂಗಳು ಕೆಸರಿಗೆ ಸುರಿದಂತೆಯೇ. ಮನೆಗಳ ಒಳಚರಂಡಿಯನ್ನು ಸರಿಯಾದ ಕೊಳವೆಗೆ ತಿರುಗಿಸುವುದು ಜಲಮಂಡಳಿಯ ಕೆಲಸ, ಅದಕ್ಕೆ ಅರ್ಜಿ ಹಿಡಿದು ಓಡಾಡುವುದು ನಮ್ಮದು. ಜಕ್ಕೂರು ಕೆರೆಯಲ್ಲಿ ಕೊಳಚೆ ನೀರನ್ನು ಘಟಕದಲ್ಲಿ ಸಂಸ್ಕರಿಸಿ, ಜೌಗು ಸಸ್ಯಗಳ ನಡುವೆ ಹಾಯಿಸಿ ಒಳಬಿಡುವ ವ್ಯವಸ್ಥೆ ಆಗಿದ್ದು ಸರ್ಕಾರಿ ಹಣದಿಂದಲೇ. ಚಂದಾ ಹಣದಿಂದ ಅಂಥದ್ದು ಆಗದು.

ಆದರೆ ಕಾಲುವೆಯ ಗುಂಟ ನಡೆದು ನೋಡಿದಾಗ ಎಲ್ಲ ಕೊಳವೆಗಳೂ ಮನೆಗಳವಾಗಿರಲಿಲ್ಲ. ಒಂದರಿಂದ ಎಣ್ಣೆ ಜಿಡ್ಡು ಬೆರೆತ ಅಡುಗೆಮನೆಯ ನೀರು, ಇನ್ನೊಂದರಿಂದ ಸೋಪಿನ ನೊರೆ. ಅವುಗಳ ಯಜಮಾನರು ನನ್ನೆದುರಿನ ಕುರ್ಚಿಗಳಲ್ಲೇ ಕುಳಿತಿದ್ದರು. ಕೈಯೊಡ್ಡಲು ಹೋದವನು ಕೊಡುವವರ ತಪ್ಪು ಎತ್ತಿ ಆಡಬಹುದೇ ಎಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿದ್ದೆ. ಹೆಸರು ಹೇಳಲಿಲ್ಲ. 'ಈ ಸಭೆಯಲ್ಲಿರುವವರ ಮೂರು ಕೊಳವೆಗಳು ಕಾಲುವೆಗೆ ಬೀಳುತ್ತಿವೆ. ಅವರು ನಮಗೆ ಹಣ ಕೊಡುವುದು ಬೇಡ. ಆ ಹಣದಲ್ಲಿ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ, ಕೊಳವೆಯನ್ನು ಒಳಚರಂಡಿಗೆ ಸೇರಿಸಿದರೆ ಅದೇ ಅವರ ದೇಣಿಗೆ' ಎಂದೆ.

ಸಭೆ ತಣ್ಣಗಾಯಿತು. ದರ್ಶಿನಿಯ ಮಾಲೀಕರು ಎದ್ದು ಹೊರಗೆ ಹೋದರು. ಅಧ್ಯಕ್ಷರು ನಂತರ ನನ್ನನ್ನು ಪಕ್ಕಕ್ಕೆ ಕರೆದು, 'ಇದನ್ನು ಸಭೆಯಲ್ಲಿ ಆಡಬಾರದಿತ್ತು, ಸಾರ್' ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮೊದಲು ಆ ಮೂವರ ಮನೆಗೆ ಹೋಗಿ ಮಾತನಾಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಂದು ಸಹಿ ಹಾಕಿದವರು ಮೂವತ್ತೆಂಟು ಮಂದಿ. ಎರಡನೆಯ ಕೆಲಸಗಾರನನ್ನು ಅರ್ಧ ದಿನಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ದರ್ಶಿನಿಯವರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಆದರೆ ಎರಡು ತಿಂಗಳ ಹಿಂದೆ ಅವರ ಹಿತ್ತಲಲ್ಲಿ ಪ್ಲಂಬರ್‌ಗಳು ನೆಲ ಅಗೆಯುತ್ತಿದ್ದುದನ್ನು ಕಂಡೆ. ಮೊನ್ನೆ ಮಳೆ ಬಿಡುವು ಕೊಟ್ಟ ವಾರದ ಕೊನೆಯಲ್ಲಿ ಮತ್ತೆ ನಾಲ್ಕು ಹೊತ್ತು ಬಕೆಟ್ ಹಿಡಿದೆವು. ತುಂಬಲು 13 ಸೆಕೆಂಡು ಹಿಡಿಯಿತು.