‘ಒಂದೇ ದಿನ 6,148 ಸಾವು’: ಡ್ಯಾಶ್‌ಬೋರ್ಡ್ ನಿನ್ನೆಯ ಅಂಕಿಯನ್ನು ಏಕೆ ಉಳಿಸಿಕೊಳ್ಳಬೇಕು?

2021ರ ಜೂನ್ 10ರ ಬೆಳಿಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದ ಅಂಕಿ ಅಂಶಗಳಲ್ಲಿ, ಹಿಂದಿನ 24 ಗಂಟೆಗಳಲ್ಲಿ ದೇಶದಲ್ಲಿ 6,148 ಕೋವಿಡ್ ಸಾವುಗಳು ದಾಖಲಾಗಿವೆ ಎಂದಿತ್ತು. ಭಾರತದಲ್ಲಿ ಅದುವರೆಗೆ ಒಂದು ದಿನದಲ್ಲಿ ವರದಿಯಾಗಿದ್ದ ಅತಿ ದೊಡ್ಡ ಸಂಖ್ಯೆ ಇದು. ಇಂತಹ ಅಂಕಿಯ ಸ್ಕ್ರೀನ್‌ಶಾಟ್ ಫೋನಿಗೆ ಬಂದರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ಎರಡನೇ ಅಲೆ ಇಳಿಯುತ್ತಿದೆ ಎಂದು ಹೇಳಿದ್ದು ಸುಳ್ಳೇ? ಸಾವು ಒಮ್ಮೆಲೇ ಮೂರು ಪಟ್ಟು ಹೆಚ್ಚಿತೇ?

ಸಂಖ್ಯೆ ಸುಳ್ಳಲ್ಲ. ಆದರೆ ಅದು ಒಂದೇ ದಿನದ ಸಾವುಗಳ ಸಂಖ್ಯೆಯೂ ಅಲ್ಲ. ಇದನ್ನು ಹೇಗೆ ಪತ್ತೆಹಚ್ಚಬಹುದು ಎಂದು ನೋಡೋಣ.

ಇಂದಿನ ಅಂಕಿ ಮಾತ್ರ ಇದ್ದರೆ ಏನಾಗುತ್ತದೆ?

ಬಹಳಷ್ಟು ಡ್ಯಾಶ್‌ಬೋರ್ಡ್‌ಗಳು ಬಸ್ ನಿಲ್ದಾಣದ ಕಪ್ಪು ಹಲಗೆಯಂತೆ ಕೆಲಸ ಮಾಡುತ್ತವೆ. ಹೊಸ ಮಾಹಿತಿ ಬಂದಾಗ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತವೆ. ಜೂನ್ 10ರಂದು ಬಿಹಾರದ ಸಾಲಿನಲ್ಲಿ ಒಟ್ಟು ಸಾವು 9,429 ಎಂದು ಕಾಣುತ್ತಿತ್ತು. ಅದನ್ನಷ್ಟೇ ನೋಡಿದವರಿಗೆ, ಹಿಂದಿನ ದಿನ ಅಲ್ಲಿ ಎಷ್ಟಿತ್ತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇನ್ನೊಂದು ವಿಧಾನವಿದೆ. ಪುಟ ಪ್ರತಿ ಬಾರಿ ರಿಫ್ರೆಶ್ ಆದಾಗಲೂ ಹಳೆಯ ಸಾಲನ್ನು ಮುಟ್ಟದೆ, ದಿನಾಂಕ ಹಾಕಿ ಹೊಸ ಸಾಲನ್ನು ಕೆಳಗೆ ಸೇರಿಸುವುದು. ದಿನಾಂಕವಿರುವ ಇಂತಹ ಪ್ರತಿಯನ್ನು ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೋವಿಡ್ ಡ್ಯಾಶ್‌ಬೋರ್ಡ್ ಹೀಗೆಯೇ ಮಾಡಿತ್ತು. 2020ರ ಜನವರಿ 22ರಿಂದ ಪ್ರತಿ ದಿನಕ್ಕೂ `01-22-2020.csv` ಎಂಬಂತಹ ಹೆಸರಿನ ಪ್ರತ್ಯೇಕ ಫೈಲ್ ಇಟ್ಟಿತ್ತು. ಆ ಡ್ಯಾಶ್‌ಬೋರ್ಡ್ 2023ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೂ ಯಾವ ದಿನ ಯಾವ ಸಂಖ್ಯೆ ತೋರಿಸಿತ್ತು ಎಂದು ಆ ಫೈಲ್‌ಗಳಿಂದ ತಿಳಿಯಬಹುದು.

ಜೂನ್ 10ರ ಲೆಕ್ಕ

ಎರಡು ದಿನಗಳ ಸ್ನ್ಯಾಪ್‌ಶಾಟ್‌ಗಳನ್ನು ಒಟ್ಟಿಗೆ ಇಟ್ಟರೆ ಹೀಗೆ ಕಾಣುತ್ತದೆ:

```
date,area,total_deaths
2021-06-09,India,353528
2021-06-09,Bihar,5458
2021-06-10,India,359676
2021-06-10,Bihar,9429
```

ದೇಶದ ಎರಡು ಸಂಖ್ಯೆಗಳ ವ್ಯತ್ಯಾಸ 6,148. ಬಿಹಾರದ ವ್ಯತ್ಯಾಸ 3,971. ಅಂದರೆ ದೇಶದ ಒಟ್ಟು ಏರಿಕೆಯಲ್ಲಿ ಸುಮಾರು ಮೂರನೇ ಎರಡರಷ್ಟು ಒಂದೇ ರಾಜ್ಯದಿಂದ ಬಂದಿದೆ. ಬಿಹಾರವನ್ನು ಬಿಟ್ಟರೆ ಉಳಿಯುವುದು 2,177. ಹಿಂದಿನ ದಿನ ಇಡೀ ದೇಶದಲ್ಲಿ ವರದಿಯಾಗಿದ್ದುದು 2,219. ಉಳಿದ ದೇಶದಲ್ಲಿ ದೊಡ್ಡ ಬದಲಾವಣೆ ಏನೂ ಆಗಿರಲಿಲ್ಲ ಎಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಹಾಗಾದರೆ ಬಿಹಾರದಲ್ಲಿ ಆಗಿದ್ದೇನು? ಅಲ್ಲಿನ ಆರೋಗ್ಯ ಇಲಾಖೆ ಜಿಲ್ಲೆಗಳ ದಾಖಲೆಗಳನ್ನು ಮರುಪರಿಶೀಲಿಸಿ, ಅದುವರೆಗೆ ಲೆಕ್ಕಕ್ಕೆ ಸಿಗದಿದ್ದ 3,951 ಸಾವುಗಳನ್ನು ಒಮ್ಮೆಲೇ ಸೇರಿಸಿತು. ಇವು ಹಿಂದೆ ಬೇರೆ ಬೇರೆ ದಿನಗಳಲ್ಲಿ ಆದ ಸಾವುಗಳು. ಆ ದಿನದ ಮಾಮೂಲು ಲೆಕ್ಕಕ್ಕೆ ಸೇರಿದ್ದು ಉಳಿದ 20 ಮಾತ್ರ.

ಆದ್ದರಿಂದ ‘ಒಂದೇ ದಿನ 6,148 ಜನ ಸತ್ತರು’ ಎಂಬುದು ತಪ್ಪು. ಹಾಗೆಂದು ‘ಇದು ಬರೀ ಲೆಕ್ಕದ ಆಟ, ಯಾರೂ ಸತ್ತಿಲ್ಲ’ ಎನ್ನುವುದೂ ಅಷ್ಟೇ ತಪ್ಪು. ಸಾವುಗಳು ನಿಜ, ಅವುಗಳಿಗೆ ಅಂಟಿಕೊಂಡ ದಿನಾಂಕ ಮಾತ್ರ ವರದಿಯ ದಿನಾಂಕ.

ಹಳೆಯ ದಿನಗಳನ್ನು ಹೋಗಿ ತಿದ್ದಬಹುದಲ್ಲವೇ?

ತಿದ್ದಬೇಕು, ಆದರೆ ಸ್ನ್ಯಾಪ್‌ಶಾಟ್‌ನಲ್ಲಿ ಅಲ್ಲ. ಜೂನ್ 9ರಂದು ಸರ್ಕಾರ ಹೇಳಿದ್ದು 5,458 ಎಂಬುದು ಒಂದು ದಾಖಲೆ. ಅದನ್ನು ಅಳಿಸಿದರೆ ಸುಮಾರು ನಾಲ್ಕು ಸಾವಿರ ಸಾವುಗಳು ತಡವಾಗಿ ಲೆಕ್ಕಕ್ಕೆ ಬಂದವು ಎಂಬ ಸಂಗತಿಯೂ ಅಳಿಸಿಹೋಗುತ್ತದೆ. ಸಾವು ಸಂಭವಿಸಿದ ದಿನಾಂಕ ಗೊತ್ತಾದಾಗ ಅದಕ್ಕೆ ಬೇರೆಯೇ ಪಟ್ಟಿ ಮಾಡಬೇಕು. ಆಗ ಒಂದು ಗ್ರಾಫ್ ‘ಯಾವಾಗ ವರದಿಯಾಯಿತು’ ಎಂದು ಹೇಳುತ್ತದೆ, ಇನ್ನೊಂದು ‘ಯಾವಾಗ ಸಂಭವಿಸಿತು’ ಎಂದು ಹೇಳುತ್ತದೆ.

ಏಳು ದಿನಗಳ ಸರಾಸರಿ ತೆಗೆದರೆ ಸಮಸ್ಯೆ ಬಗೆಹರಿಯುತ್ತದೆ ಎಂದು ಕೆಲವರು ಭಾವಿಸುತ್ತಾರೆ. 3,951ನ್ನು ಏಳರಿಂದ ಭಾಗಿಸಿ ನೋಡಿ, ಸುಮಾರು 564 ಬರುತ್ತದೆ. ಅಂದರೆ ಜೂನ್ 10ರಿಂದ ಏಳು ದಿನಗಳ ಕಾಲ ದೇಶದ ಸರಾಸರಿ 564ರಷ್ಟು ಹೆಚ್ಚಾಗಿಯೇ ಕಾಣುತ್ತದೆ. ಎಂಟನೇ ದಿನ ಆ ಹೆಚ್ಚುವರಿ ಮಾಯವಾಗಿ, ಸಾವು ದಿಢೀರನೆ ಇಳಿದಂತೆ ಕಾಣುತ್ತದೆ. ಏರಿಕೆಯಷ್ಟೇ ಆ ಇಳಿಕೆಯೂ ದಾರಿ ತಪ್ಪಿಸುತ್ತದೆ. ಗ್ರಾಫ್‌ನ ಆ ಬಿಂದುವಿನ ಪಕ್ಕದಲ್ಲಿ ‘ಹಳೆಯ ಸಾವುಗಳ ಸೇರ್ಪಡೆ’ ಎಂಬ ಟಿಪ್ಪಣಿ ಇರಲೇಬೇಕು. ಸ್ನ್ಯಾಪ್‌ಶಾಟ್ ಜಿಗಿತವನ್ನು ತೋರಿಸುತ್ತದೆ, ಅದರ ಕಾರಣವನ್ನು ಮನುಷ್ಯರೇ ಬರೆದಿಡಬೇಕು.

ಸ್ನ್ಯಾಪ್‌ಶಾಟ್ ಇಡುವಾಗ ಆಗುವ ಎರಡು ಎಡವಟ್ಟುಗಳು

ಮೊದಲನೆಯದು ದಿನಾಂಕದ್ದು. ಸಚಿವಾಲಯದ ಅಂಕಿ ಭಾರತೀಯ ಸಮಯ ಬೆಳಿಗ್ಗೆ 8ರವರೆಗಿನದ್ದಾಗಿರುತ್ತಿತ್ತು. ಬಹಳಷ್ಟು ಸರ್ವರ್‌ಗಳ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. ನಮ್ಮಲ್ಲಿ 10ನೇ ತಾರೀಕು ಬೆಳಗಿನ ಜಾವ 4 ಗಂಟೆಯಾದಾಗ ಅಲ್ಲಿ ಇನ್ನೂ 9ರ ರಾತ್ರಿ 10.30. ಸರ್ವರ್ ಗಡಿಯಾರವನ್ನೇ ನಂಬಿದರೆ 9ನ್ನೇ ಬರೆಯುತ್ತದೆ, ಆದರೆ ಆ ಹೊತ್ತಿಗೆ ಪುಟದಲ್ಲಿರುವುದು 9ರ ಬೆಳಗಿನ ಅಂಕಿಯೇ ಆದ್ದರಿಂದ ತಪ್ಪು ತಿಳಿಯುವುದೇ ಇಲ್ಲ. ಭಾರತೀಯ ಗಡಿಯಾರದಂತೆ ಬರೆದರೆ 9ರ ಅಂಕಿ 10ಕ್ಕೆ ಹೋಗುತ್ತದೆ. ಹೀಗಾಗಿ ಎರಡನ್ನೂ ಬರೆದಿಡಬೇಕು: ಅಂಕಿ ಯಾವ ದಿನದ್ದು ಮತ್ತು ಅದನ್ನು ಪಡೆದದ್ದು ಯಾವಾಗ. ದಿನಕ್ಕೆ ನಾಲ್ಕು ಬಾರಿ ರಿಫ್ರೆಶ್ ಆದರೂ ಒಂದು ದಿನದ ಗ್ರಾಫ್‌ಗೆ ಒಂದೇ ಬಿಂದು ಸಾಕು.

ಎರಡನೆಯದು ರಿಫ್ರೆಶ್ ವಿಫಲವಾದ ದಿನದ್ದು. ಮೊದಲ ದಿನ ಒಟ್ಟು 100, ಎರಡನೇ ದಿನ ಮಾಹಿತಿ ಸಿಗಲಿಲ್ಲ, ಮೂರನೇ ದಿನ 160 ಎಂದುಕೊಳ್ಳಿ. ಎರಡನೇ ದಿನಕ್ಕೆ ಹಳೆಯ 100ನ್ನೇ ನಕಲು ಮಾಡಿದರೆ ಅಂದು ಏನೂ ಆಗಿಲ್ಲ, ಮರುದಿನ ಒಮ್ಮೆಲೇ 60 ಆಯಿತು ಎಂದು ಗ್ರಾಫ್ ಹೇಳುತ್ತದೆ. ಖಾಲಿ ಬಿಟ್ಟರೆ ಎರಡು ದಿನಗಳಲ್ಲಿ ಒಟ್ಟು 60 ಎಂಬ ಸತ್ಯ ಉಳಿಯುತ್ತದೆ. ಗ್ರಾಫ್‌ನಲ್ಲಿ ಒಂದು ದಿನ ಸೊನ್ನೆ, ಮರುದಿನ ಸುಮಾರು ಎರಡು ಪಟ್ಟು ಕಂಡರೆ ಇದೇ ತಪ್ಪಾಗಿರುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಮಾಡುವ ಮುನ್ನ

ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ಬಂದರೆ ಮೊದಲು ಅದರಲ್ಲಿ ದಿನಾಂಕ ಇದೆಯೇ ನೋಡಿ. ನಂತರ ಅದು ಒಟ್ಟು ಸಂಖ್ಯೆಯೋ, ಆ ದಿನದ ಏರಿಕೆಯೋ ತಿಳಿದುಕೊಳ್ಳಿ. ಏರಿಕೆ ಹಿಂದಿನ ದಿನಕ್ಕಿಂತ ಎರಡು ಮೂರು ಪಟ್ಟು ಇದ್ದರೆ ರಾಜ್ಯವಾರು ಪಟ್ಟಿ ತೆರೆದು, ಏರಿಕೆ ಎಲ್ಲ ಕಡೆ ಹರಡಿದೆಯೇ ಅಥವಾ ಒಂದೇ ಕಡೆ ಇದೆಯೇ ಪರಿಶೀಲಿಸಿ. ರೋಗ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಏರುತ್ತಾ ಹೋಗುತ್ತದೆ. ಒಂದೇ ರಾಜ್ಯದಲ್ಲಿ, ಒಂದೇ ದಿನ ಸಾವಿರಗಟ್ಟಲೆ ಏರಿ ಮರುದಿನ ಮತ್ತೆ ಮೊದಲಿನಂತಾದರೆ, ಅದು ಬಹುತೇಕ ಹಳೆಯ ಲೆಕ್ಕ ತಡವಾಗಿ ಸೇರಿದ್ದಾಗಿರುತ್ತದೆ.