ಅಂಚು ಕಳೆದುಕೊಂಡ ಸೀರೆ

ಚೆನ್ನೈನ ಟಿ. ನಗರದ ರೇಷ್ಮೆ ಅಂಗಡಿಗೆ ಹೋಗಿ 'ಎಂ.ಎಸ್. ಬ್ಲೂ' ಎಂದರೆ ಸಾಕು, ಮಾರುವವರು ಮರುಮಾತಿಲ್ಲದೆ ಸೀರೆ ಬಿಚ್ಚಿ ಹಾಸುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ಕಾಂಚೀಪುರಂ ಸೀರೆಯ ಆ ನೀಲಿ ಊರಿಗೆಲ್ಲ ಗೊತ್ತು. ಅದೇ ಮಾತನ್ನು ಚಿತ್ರ ರಚಿಸುವ ಸ್ಟೇಬಲ್ ಡಿಫ್ಯೂಷನ್‌ಗೆ ಬರೆದುಕೊಟ್ಟರೆ ಬರುವುದು ಯಾವುದೋ ಒಂದು ನೀಲಿ, ಯಾವುದೋ ಒಂದು ಜರಿ ಅಂಚು.

ಇದಕ್ಕೆ ಮದ್ದು ಇನ್ನಷ್ಟು ಮಾತು ಎಂದು ನಂಬಿದವರಿದ್ದಾರೆ. ಗೋಪುರದ ಅಂಚು, ಅದರ ಮೇಲೆ ಎರಡು ಸಾಲು ರುದ್ರಾಕ್ಷಿ, ಒಡಲಿಗೆ ಇಂಥ ಬಣ್ಣ ಎಂದು ಬರೆಯುತ್ತಲೇ ಹೋಗುತ್ತಾರೆ. ಆದರೆ ಸ್ಟೇಬಲ್ ಡಿಫ್ಯೂಷನ್ 1.5 ಒಂದು ಸಲಕ್ಕೆ ಓದುವುದು 77 ಟೋಕನ್, ಆರಂಭ ಮತ್ತು ಅಂತ್ಯದ ಗುರುತು ಬಿಟ್ಟರೆ 75 ಪದತುಣುಕು ಮಾತ್ರ. ಆ ಮಿತಿಯೊಳಗೆ ಬರೆದರೂ 'ಗೋಪುರ' ಎಂದಾಗ ಸೀರೆಯ ಹಿಂದೆ ದೇವಸ್ಥಾನ ಎದ್ದು ನಿಂತರೆ ಅಚ್ಚರಿಯಿಲ್ಲ. ಅಂಗಡಿಯ ಮಾತು ಕೈಯಲ್ಲಿರುವ ಸೀರೆಯನ್ನು ತೋರಿಸುವುದಕ್ಕಾಗಿ ಹುಟ್ಟಿದ್ದು. ಸೀರೆಯನ್ನೇ ಕಾಣದವರ ಕಣ್ಣಿಗೆ ಅದನ್ನು ತಂದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಹಾಗಾಗಿ ಸೀರೆಯ ಫೋಟೋವನ್ನೇ ಕೊಡುವುದು ಸರಿಯಾದ ದಾರಿ. 2023ರ ಆಗಸ್ಟ್‌ನಲ್ಲಿ ಟೆನ್ಸೆಂಟ್‌ನ ಸಂಶೋಧಕರು ಹೊರತಂದ ಐಪಿ-ಅಡಾಪ್ಟರ್ ಇದಕ್ಕೆ ಅನುವು ಮಾಡಿಕೊಡುತ್ತದೆ. ಮೂಲ ಮಾದರಿಯನ್ನು ಮುಟ್ಟದೆ, ಪದಗಳಿಗೆ ಗಮನ ಕೊಡುವ ಜಾಗದ ಪಕ್ಕದಲ್ಲೇ ಚಿತ್ರಕ್ಕೂ ಪ್ರತ್ಯೇಕ ಜಾಗ ಮಾಡುತ್ತದೆ. ಬಣ್ಣ, ಹೊಳಪು, ಬಟ್ಟೆಯ ಭಾರ, ಜರಿಯ ದಟ್ಟತೆಯನ್ನು ಚಿತ್ರ ಹೇಳುತ್ತದೆ. ನಿಂತ ಭಂಗಿ, ಹಿನ್ನೆಲೆ, ಬೆಳಕು ಪದಗಳಿಗೆ ಉಳಿಯುತ್ತವೆ.

ಇಲ್ಲಿಂದ ಮುಂದೆ ಇನ್ನೊಂದು ಮೂಢನಂಬಿಕೆ ಶುರುವಾಗುತ್ತದೆ: ಫೋಟೋ ಕೊಟ್ಟಿದ್ದೇವೆ, ಆದ್ದರಿಂದ ಬಂದದ್ದು ಅದೇ ಸೀರೆ. ಖಂಡಿತ ಅಲ್ಲ. ಕೊಟ್ಟ ಫೋಟೋವನ್ನು ಮೊದಲು 224 ಪಿಕ್ಸೆಲ್ ಚೌಕಕ್ಕೆ ಇಳಿಸಲಾಗುತ್ತದೆ. ಫೋಟೋ ಚೌಕವಾಗಿಲ್ಲದಿದ್ದರೆ ಸಾಮಾನ್ಯ ವ್ಯವಸ್ಥೆಯಲ್ಲಿ ನಡುವಿನ ಭಾಗ ಮಾತ್ರ ಉಳಿಯುತ್ತದೆ. ಕ್ಯಾಟಲಾಗ್‌ನಲ್ಲಿರುವಂತೆ ಎರಡಕ್ಕೆ ಮೂರರ ಅಳತೆಯ ನಿಲುವು ಚಿತ್ರ ಕೊಟ್ಟರೆ ಮೇಲಿನ ಆರನೆಯ ಒಂದು ಭಾಗ, ಕೆಳಗಿನ ಆರನೆಯ ಒಂದು ಭಾಗ ಹೋಗುತ್ತವೆ. ಕೆಳಗೆ ಇದ್ದದ್ದೇನು? ಪಾದದ ಬಳಿಯ ಅಂಚು. ಅದನ್ನು ಯಂತ್ರ ಕಂಡೇ ಇಲ್ಲ. ಆದರೂ ಅಂಚು ಬಿಡಿಸಿ ಕೊಡುತ್ತದೆ, ತನ್ನ ಅಂದಾಜಿನಲ್ಲಿ.

ಸೀರೆಯನ್ನು ಹಾಸಿ ತೆಗೆದ ಚೌಕ ಫೋಟೋ ಆದರೂ ಲೆಕ್ಕ ಕಷ್ಟವೇ. 48 ಇಂಚಿನ ಅಗಲ 224 ಪಿಕ್ಸೆಲ್‌ಗೆ ಇಳಿದರೆ ನಾಲ್ಕು ಇಂಚಿನ ಅಂಚಿಗೆ ಸಿಗುವುದು ಸುಮಾರು 19 ಪಿಕ್ಸೆಲ್. ಒಂದು ಇಂಚಿನ ಗೋಪುರಕ್ಕೆ ಐದು. ಅದರ ಬದಲು ಅಂಚೂ ಒಡಲೂ ಸೇರುವ ಕಡೆ 12 ಇಂಚಿನ ಚೌಕವನ್ನು ಹತ್ತಿರದಿಂದ ತೆಗೆದರೆ ಅದೇ ಅಂಚಿಗೆ 75 ಪಿಕ್ಸೆಲ್ ದೊರೆಯುತ್ತದೆ. ಮಾಡಬೇಕಾದ್ದು ಇದು. ಜತೆಗೆ `ip-adapter-plus_sd15.bin` ಬಳಸಬೇಕು. ಸಾದಾ ಅಡಾಪ್ಟರ್ ಇಡೀ ಚಿತ್ರವನ್ನು ನಾಲ್ಕು ಟೋಕನ್‌ಗೆ ಹಿಂಡಿದರೆ ಇದು ಹದಿನಾರಕ್ಕೆ ಹಿಂಡುತ್ತದೆ. ಉಟ್ಟವರ ಫೋಟೋದಲ್ಲಿ ಸೀರೆಯ ಭಾಗಕ್ಕಷ್ಟೇ ಮಾಸ್ಕ್ ಹಾಕಿ, ಅಡಾಪ್ಟರ್‌ನ ಬಲವನ್ನು 0.6ರ ಆಸುಪಾಸಿನಿಂದ ಶುರುಮಾಡಿ ನೋಡುತ್ತ ಏರಿಸಬೇಕು. ಪೂರ್ತಿ 1ಕ್ಕೆ ಏರಿಸಿದರೆ ಪದಗಳ ಮಾತು ಅಷ್ಟಾಗಿ ನಡೆಯುವುದಿಲ್ಲ.

ಇಷ್ಟಾದ ಮೇಲೂ ಪರೀಕ್ಷೆ ಬೇಕು. ಬೇರೆಲ್ಲವನ್ನೂ ಹಾಗೇ ಇಟ್ಟು ಸೀಡ್ ಮಾತ್ರ ಬದಲಿಸಿ ನಾಲ್ಕು ಚಿತ್ರ ತೆಗೆದು, ಅಸಲಿ ಸೀರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸತ್ಯ ತಿಳಿಯುತ್ತದೆ. ನಾಲ್ಕರಲ್ಲೂ ಒಂದೇ ಆಗಿದ್ದು ಸೀರೆಯಲ್ಲೂ ಇರುವುದು ಫೋಟೋದಿಂದ ಬಂದಿರಬಹುದು. ನಾಲ್ಕರಲ್ಲಿ ನಾಲ್ಕು ಬಗೆಯಾಗಿರುವುದು ಊಹೆ. ನಾಲ್ಕರಲ್ಲೂ ಇದ್ದು ಸೀರೆಯಲ್ಲಿ ಇಲ್ಲದ್ದು ಮಾದರಿಯ ಚಾಳಿ. ಬಣ್ಣ, ಹೊಳಪು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾಸಾಗುತ್ತವೆ. ಗೋಪುರಗಳ ಎಣಿಕೆ, ರುದ್ರಾಕ್ಷಿಯ ಸಾಲು ಫೇಲಾಗುತ್ತವೆ. ಹದಿನಾರು ಟೋಕನ್‌ಗಳಲ್ಲಿ ಸೀರೆಯ ಒಟ್ಟು ನೋಟ ಹಿಡಿಸುತ್ತದೆ, ಎಳೆಗಳ ಲೆಕ್ಕ ಹಿಡಿಸುವುದಿಲ್ಲ.

ಕಾಂಚೀಪುರಂನಲ್ಲಿ ಬೆಲೆ ಇರುವುದು ಆ ಲೆಕ್ಕಕ್ಕೇ. ಕೊರ್ವೈ ಸೀರೆಯಲ್ಲಿ ಒಡಲಿಗೊಂದು, ಎರಡು ಅಂಚಿಗೆರಡು ಎಂದು ಮೂರು ಲಾಳಿ ಓಡುತ್ತವೆ. ಕೈಮಗ್ಗದಲ್ಲಿ ಅದಕ್ಕೆ ಸಾಂಪ್ರದಾಯಿಕವಾಗಿ ಇಬ್ಬರು ಕೂರುತ್ತಾರೆ. ಒಡಲು ಅಂಚನ್ನು ಕೊಂಡಿ ಹಾಕಿಕೊಳ್ಳುವ ಆ ಗೆರೆಯೇ ಅವರ ದುಡಿಮೆಯ ಗುರುತು. ಐಪಿ-ಅಡಾಪ್ಟರ್ ಕಲಸಿಬಿಡುವುದೂ ಅದೇ ಗೆರೆಯನ್ನು. ಕೊರ್ವೈ ಇಲ್ಲದ ಸೀರೆಗೂ ಕೊರ್ವೈಯ ಠೀವಿ ಬಂದುಬಿಡುತ್ತದೆ, ಇರುವ ಸೀರೆ ಸಾಧಾರಣವಾಗಿ ಕಾಣುತ್ತದೆ. ದೆಹಲಿಯಲ್ಲೋ ಪುಣೆಯಲ್ಲೋ ಕೂತು ಪರದೆಯ ಮೇಲೆ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವ ದಾರಿ ಇಲ್ಲ.

ಆದ್ದರಿಂದ ಗೆರೆ ಎಳೆಯಬೇಕಾದ ಜಾಗ ಸ್ಪಷ್ಟವಿದೆ. ಹೊಸ ವಿನ್ಯಾಸದ ಕರಡು ತೋರಿಸಲು, ಯಾವ ಬಣ್ಣ ಯಾರಿಗೆ ಒಪ್ಪುತ್ತದೆಂದು ನೋಡಲು, ಹಬ್ಬದ ಜಾಹೀರಾತಿನ ನೋಟ ಹೊಂದಿಸಲು ಐಪಿ-ಅಡಾಪ್ಟರ್ ಬಳಸಲಿ. ಬರೀ ಪದಗಳಿಗಿಂತ ಅದು ಎಷ್ಟೋ ಮೇಲು. ಆದರೆ ಬೆಲೆ ಬರೆದ ಪುಟದಲ್ಲಿ ಇರಬೇಕಾದ್ದು ಮಾರುವ ಆ ಸೀರೆಯದೇ ಫೋಟೋ, ಅಂಚು ಒಡಲು ಸೇರುವ ಕಡೆಯ ಹತ್ತಿರದ ನೋಟದೊಂದಿಗೆ. ಯಂತ್ರ ಊಹಿಸಿದ ಅಂಚಿಗೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ.