ಹೆಸರೂ ಅದೇ, ಅಡಿಬರಹವೂ ಅದೇ

ಸಿರಿಧಾನ್ಯದ ತಿಂಡಿ ಮಾರಲು ಹೊರಟ ಹೊಸ ಉದ್ದಿಮೆಗಳು ಪೊಟ್ಟಣದ ಮೇಲೆ ಒಂದೇ ಮಾತನ್ನು ಎರಡು ಸಲ ಬರೆಯುತ್ತವೆ. ಹೆಸರಿನಲ್ಲಿ ‘ಸಿರಿ’ ಇರುತ್ತದೆ, ಕೆಳಗಿನ ಅಡಿಬರಹದಲ್ಲಿ ‘ಆರೋಗ್ಯದ ಸಿರಿ’ ಇರುತ್ತದೆ. ಹೆಸರಿನಲ್ಲಿ ‘ಆರ್ಗ್ಯಾನಿಕ್’ ಬಂದರೆ ಅಡಿಬರಹದಲ್ಲಿ ‘ಪ್ರಕೃತಿಯ ಮಡಿಲಿಂದ’ ಬರುತ್ತದೆ. ಒಳಗಿರುವ ಚಕ್ಕುಲಿ ಯಾವ ಧಾನ್ಯದ್ದು, ಆ ಧಾನ್ಯ ಎಷ್ಟಿದೆ ಎಂಬುದು ಮಾತ್ರ ಹಿಂಬದಿಯ ಸಣ್ಣ ಅಕ್ಷರಗಳಿಗೆ ಹೋಗುತ್ತದೆ. ಹೆಸರಿನ ಕೆಲಸ ಒಂದು, ಅಡಿಬರಹದ ಕೆಲಸ ಇನ್ನೊಂದು. ಎರಡಕ್ಕೂ ಹೊಗಳಿಕೆಯನ್ನೇ ಹಂಚಿದರೆ ಎರಡೂ ಕೆಲಸ ಕೆಡುತ್ತವೆ.

ಮೊದಲು ಹೆಸರನ್ನು ನೋಡಿ. ಕೇಂದ್ರ ಸರ್ಕಾರ 2018ರಲ್ಲಿ ಈ ಧಾನ್ಯಗಳನ್ನು ‘ನ್ಯೂಟ್ರಿ ಸೀರಿಯಲ್ಸ್’ ಎಂದು ಕರೆಯಿತು, 2023ರ ಬಜೆಟ್ಟಿನಲ್ಲಿ ‘ಶ್ರೀ ಅನ್ನ’ ಎಂದಿತು. ಕನ್ನಡದಲ್ಲಿ ‘ಸಿರಿಧಾನ್ಯ’ ಆಗಲೇ ಮನೆಮಾತಾಗಿದೆ. ತೆಲುಗಿನಲ್ಲಿ ‘ಚಿರುಧಾನ್ಯಾಲು’, ‘ಸಿರಿಧಾನ್ಯಾಲು’ ಎರಡೂ ಓಡಾಡುತ್ತಿವೆ. ಎಲ್ಲರ ಬಾಯಲ್ಲಿರುವ ಮಾತು ಯಾರ ಅಂಗಡಿಯದೂ ಆಗುವುದಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಂ ಹೇಳುವುದೂ ಇದನ್ನೇ: ಸರಕಿನ ಜಾತಿ, ಗುಣ, ಉಪಯೋಗವನ್ನಷ್ಟೇ ಹೇಳುವ ಪದ ಬಳಕೆಯ ಬಲದಿಂದ ಪ್ರತ್ಯೇಕ ಗುರುತು ಗಳಿಸಿರದಿದ್ದರೆ ನೋಂದಣಿಗೆ ಸಲ್ಲದು.

ಹೇಗೋ ನೋಂದಣಿ ದಕ್ಕಿದರೂ ಅದು ಗಟ್ಟಿಯಲ್ಲ. ಅಡುಗೆ ಎಣ್ಣೆ ಮಾರುವ ಮ್ಯಾರಿಕೊ ಕಂಪನಿ ‘ಲೋಸಾರ್ಬ್’ ಎಂಬ ಪದವನ್ನು ನೋಂದಾಯಿಸಿಕೊಂಡಿತ್ತು. ಆಗ್ರೊಟೆಕ್ ತನ್ನ ಎಣ್ಣೆಯ ಮೇಲೆ ‘ಲೋ ಅಬ್ಸಾರ್ಬ್ ಟೆಕ್ನಾಲಜಿ’ ಎಂದು ಬರೆದಾಗ ಮ್ಯಾರಿಕೊ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಎಣ್ಣೆ ಕಡಿಮೆ ಹೀರುತ್ತದೆ ಎಂಬುದು ಸರಕಿನ ವರ್ಣನೆ, ಅದನ್ನು ಒಬ್ಬರು ಬೇಲಿ ಹಾಕಿ ಇಟ್ಟುಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅಷ್ಟು ದೊಡ್ಡ ಕಂಪನಿಗೇ ಆಗದ್ದು ‘ಹೆಲ್ದಿ ಮಿಲೆಟ್ ಬೈಟ್ಸ್’ ಎಂದು ಹೆಸರಿಟ್ಟವರಿಗೆ ಆದೀತೇ?

ಇನ್ನು ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಒಂದು ಸಣ್ಣ ಉದ್ದಿಮೆ ಶುರುವಾಗುತ್ತಿದೆ ಎಂದಿಟ್ಟುಕೊಳ್ಳಿ. ಸರಕು ಸಾವಯವ ನವಣೆಯ ಚಕ್ಕುಲಿ. ಕೊಳ್ಳುವವರಲ್ಲಿ ತೆಲುಗಿನವರು, ಉರ್ದುವಿನವರು ಇಬ್ಬರೂ ಇದ್ದಾರೆ. ಸರಕು ಬೀದರ್, ಕಲಬುರಗಿ, ರಾಯಚೂರಿಗೂ ಹೋಗಬೇಕು. ಇಲ್ಲಿ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಚೆಂದ ಕಂಡರೆ ಸಾಲದು, ಮೂರು ಕಿವಿಗಳಲ್ಲಿ ಪರೀಕ್ಷೆಯಾಗಬೇಕು.

ಮೊದಲ ಯೋಚನೆ ಧಾನ್ಯದ ಹೆಸರನ್ನೇ ಇಡುವುದು. ತೆಲುಗಿನಲ್ಲಿ ನವಣೆಗೆ ‘ಕೊರ್ರಲು’ ಎನ್ನುತ್ತಾರೆ. ‘ಕೊರ್ರ’ ಎಂದು ಬ್ರ್ಯಾಂಡ್ ಮಾಡಿ ರಾಯಚೂರಿಗೆ ಕಳಿಸಿದರೆ ಕನ್ನಡದ ಕಿವಿಗೆ ಅದು ‘ಕೊರಲೆ’ಯಾಗಿ ಕೇಳುತ್ತದೆ. ಕೊರಲೆ ಬೇರೆಯದೇ ಧಾನ್ಯ. ತೆಲುಗಿನಲ್ಲಿ ಅದು ‘ಅಂಡು ಕೊರ್ರಲು’. ಅಲ್ಲಿಗೆ ಹೆಸರು ಗಡಿ ದಾಟುತ್ತಲೇ ಸುಳ್ಳಾಯಿತು. ಕನ್ನಡದ ‘ನವಣೆ’ಯನ್ನೇ ಇಟ್ಟರೆ ಹೈದರಾಬಾದಿನವರಿಗೆ ಹೊಸ ಪದದಂತೆ ಕೇಳಬಹುದು. ಆದರೆ ಅರ್ಜಿಯಲ್ಲಿ ಅದರ ಅರ್ಥ ಬರೆಯಬೇಕು, ಅರ್ಥ ಬರೆದ ಮೇಲೆ ಅದು ಧಾನ್ಯದ ಹೆಸರೆಂದು ಬಯಲಾಗುತ್ತದೆ.

ಎರಡನೆಯ ಯೋಚನೆ ‘ತೆನೆ’. ಕನ್ನಡದಲ್ಲಿ ಕಾಳು ತುಂಬಿದ ಪೈರಿನ ತುದಿ, ಮುದ್ದಾದ ಪದ. ಇದನ್ನು ರೋಮನ್ ಲಿಪಿಯಲ್ಲಿ Tene ಎಂದು ಬರೆದರೆ ಎಕಾರ ಹ್ರಸ್ವವೋ ದೀರ್ಘವೋ ಕಾಣುವುದಿಲ್ಲ. ತೆಲುಗಿನವರು ಅದನ್ನು ‘ತೇನೆ’ ಎಂದು ಓದುತ್ತಾರೆ, ಅಂದರೆ ಜೇನುತುಪ್ಪ. ಉಪ್ಪು ಖಾರದ ಚಕ್ಕುಲಿಯ ಮೇಲೆ ಜೇನಿನ ಹೆಸರು! ತಮಿಳಿನಲ್ಲಿ ‘ತಿನೈ’ ಎಂದರೆ ನವಣೆಯೇ. ಚೆನ್ನೈಗೆ ಸರಕು ಹೋದರೆ ಅದು ಮತ್ತೆ ಧಾನ್ಯದ ಹೆಸರಾಗಿ ಕೇಳುತ್ತದೆ.

ಮೂರನೆಯದು ‘ಅಕ್ಕಡಿ’. ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೇರೆ ಕಾಳು ಬಿತ್ತುವುದನ್ನು ಕನ್ನಡದ ರೈತರು ಅಕ್ಕಡಿ ಸಾಲು ಎನ್ನುತ್ತಾರೆ. ತೆಲುಗಿನ ಕಿವಿಗೆ ‘ಅಕ್ಕಡಿ’ ಎಂದರೆ ‘ಅಲ್ಲಿಯ’; ಊರಿನ ನೆನಪು ಹುಟ್ಟಿಸುವ ಮಾತು, ತಪ್ಪು ದಾರಿಗೆ ಎಳೆಯುವುದಿಲ್ಲ. ಉರ್ದು ಬಲ್ಲವರಿಗೆ ಸೆಟೆದು ನಿಲ್ಲುವ ‘ಅಕಡ್’ ನೆನಪಾಗಬಹುದು. ಅದು ಕುಂದು, ಆದರೆ ಬೈಗುಳವಲ್ಲ. ಮುಖ್ಯವಾಗಿ ಈ ಪದ ಚಕ್ಕುಲಿಯನ್ನು ವರ್ಣಿಸುವುದಿಲ್ಲ, ಹೊಲದ ಕಡೆ ಕೈ ತೋರಿಸುತ್ತದೆ. ನೋಂದಣಿಯ ದಾಖಲೆಯಲ್ಲಿ ತಿಂಡಿಗಳ 30ನೇ ವರ್ಗದಲ್ಲಿ ಇದೇ ಪದವಾಗಲಿ, ಇದರಂತೆ ಕೇಳುವ ಪದವಾಗಲಿ ಇಲ್ಲವೆಂದು ಹುಡುಕಿ ನೋಡಿದ ಮೇಲಷ್ಟೇ ಮುಂದುವರಿಯಬೇಕು. ಇನ್ನೊಂದು ಷರತ್ತೂ ಇದೆ: ನವಣೆ ಬರುವುದು ಒಂದೇ ಬೆಳೆಯ ಹೊಲದಿಂದಾದರೆ ಈ ಹೆಸರನ್ನು ಇಡಬಾರದು.

ಹೆಸರು ವರ್ಣಿಸದೆ ಉಳಿದಾಗ ಅಡಿಬರಹದ ಹೊಣೆ ಹೆಚ್ಚುತ್ತದೆ. ‘ಅಕ್ಕಡಿ: ಮಣ್ಣಿನ ಸೊಗಡು’ ಎಂದರೆ ಕೊಳ್ಳುವವರಿಗೆ ಒಳಗೆ ಏನಿದೆ ಎಂದು ಗೊತ್ತೇ ಆಗದು. ಅಲ್ಲಿ ಬೇಕಾದದ್ದು ಸಂಗತಿ. ನವಣೆ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಬರೀ ಅದರಲ್ಲೇ ಒತ್ತಿದರೆ ಎಳೆ ತುಂಡಾಗುತ್ತದೆ. ಹಾಗಾಗಿ ಅಕ್ಕಿ ಹಿಟ್ಟು, ಉದ್ದು ಅಥವಾ ಪುಟಾಣಿಯ ಹಿಟ್ಟು ಸೇರಿಸುತ್ತಾರೆ. ಇದರಲ್ಲಿ ನಾಚಿಕೆಯೇನಿಲ್ಲ. 100 ಗ್ರಾಂ ಹಿಟ್ಟಿನಲ್ಲಿ 60 ಗ್ರಾಂ ನವಣೆ ಇದ್ದರೆ ‘ನವಣೆ ಚಕ್ಕುಲಿ, ಹಿಟ್ಟಿನಲ್ಲಿ 60 ಪಾಲು ನವಣೆ’ ಎಂದು ಬರೆಯಬಹುದು. ಇಲ್ಲಿ ‘ಹಿಟ್ಟಿನಲ್ಲಿ’ ಎಂಬ ಪದವನ್ನು ಬಿಡುವಂತಿಲ್ಲ. ಎಣ್ಣೆ, ಎಳ್ಳು, ಉಪ್ಪು ಸೇರಿದಾಗ ಒಟ್ಟು ತೂಕದಲ್ಲಿ ನವಣೆಯ ಪಾಲು 60ಕ್ಕಿಂತ ಕಡಿಮೆ. ಹೊದಿಕೆಯ ಮೇಲೆ ಎತ್ತಿ ಹೇಳಿದ ಪದಾರ್ಥ ಒಟ್ಟಿನಲ್ಲಿ ಶೇಕಡಾ ಎಷ್ಟೆಂದು ಬರೆಯಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮವೂ ಹೇಳುತ್ತದೆ.

ಹೊಗಳಿಕೆಯ ಪದಗಳಿಗೆ ಕಾನೂನಿನ ಕಾವಲೂ ಇದೆ. ‘ನ್ಯಾಚುರಲ್’, ‘ಪ್ಯೂರ್’, ‘ಟ್ರೆಡಿಷನಲ್’ ಮುಂತಾದವು ಬ್ರ್ಯಾಂಡಿನ ಹೆಸರಲ್ಲಿ ಸೇರಿ ಕೊಳ್ಳುವವರನ್ನು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಬ್ರ್ಯಾಂಡಿನ ಹೆಸರು, ಸರಕಿನ ನಿಜ ಗುಣವಲ್ಲ ಎಂದು 3 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಅದೇ ಪೊಟ್ಟಣದ ಮೇಲೆ ಒಪ್ಪಿಕೊಳ್ಳಬೇಕೆಂದು 2018ರ ಜಾಹೀರಾತು ನಿಯಮ ಹೇಳುತ್ತದೆ. ಹೊಗಳಿ ಆಮೇಲೆ ಹೊಗಳಿಕೆಯನ್ನು ಹಿಂತೆಗೆದುಕೊಳ್ಳುವುದಕ್ಕಿಂತ ಹೊಗಳದಿರುವುದು ಮೇಲಲ್ಲವೇ? ಸಾವಯವ ಎಂಬ ಮಾತೂ ಅಷ್ಟೇ. ಪೊಟ್ಟಣದ ಮೇಲೆ ಆ ಪದ ಬರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. ಅದಿದ್ದರೆ ಸಾವಯವದ ಅಧಿಕೃತ ಮುದ್ರೆಯೇ ಆ ಮಾತನ್ನು ಹೇಳುತ್ತದೆ, ಅಡಿಬರಹ ಅದನ್ನು ಮತ್ತೆ ಕೂಗಬೇಕಿಲ್ಲ.

ಲೆಕ್ಕದ ಸಾಲು ಮನಸ್ಸು ಮುಟ್ಟುವುದಿಲ್ಲ, ಭಾವನೆ ಬೇಕು ಎಂದು ಜಾಹೀರಾತಿನವರು ಆಕ್ಷೇಪಿಸುತ್ತಾರೆ. ಮೊದಲ ಪೊಟ್ಟಣದ ಮಟ್ಟಿಗೆ ಅವರ ಮಾತು ನಿಜವಿರಬಹುದು. ಆದರೆ ಭಾವನೆಯ ಸಾಲನ್ನು ಇಂಗ್ಲಿಷಿನಲ್ಲಿ ಹುಟ್ಟಿಸಿ ಆಮೇಲೆ ತೆಲುಗಿಗೂ ಕನ್ನಡಕ್ಕೂ ಎಳೆತಂದಾಗ ಉಳಿಯುವುದು ‘ಪ್ರಾಚೀನ ಧಾನ್ಯಗಳ ಒಳ್ಳೆಯತನ’ದಂಥ ಯಾರೂ ಆಡದ ಮಾತು. ಅಜ್ಜಿ ನವಣೆಯನ್ನು ಪ್ರಾಚೀನ ಧಾನ್ಯ ಎಂದು ಎಂದಾದರೂ ಕರೆದಿದ್ದಾಳೆಯೇ? ಹೆಸರು ಎಲ್ಲ ಕಡೆ ಒಂದೇ ಇರಲಿ. ಅಡಿಬರಹವನ್ನು ಅನುವಾದಿಸದೆ ಆಯಾ ನುಡಿಯಲ್ಲೇ ಬರೆಯಲಿ. ಹಿಮಾಯತ್‌ನಗರದಲ್ಲಿ ‘ಕೊರ್ರಲ ಜಂತಿಕಲು’ ಎಂದಿರಲಿ, ಕಲಬುರಗಿಯಲ್ಲಿ ‘ನವಣೆ ಚಕ್ಕುಲಿ’ ಎಂದಿರಲಿ, ಕೆಳಗೆ ಅದೇ 60.

ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅಡಿಬರಹವನ್ನು ಕೈಯಿಂದ ಮುಚ್ಚಿ, ಪಕ್ಕದ ಕಂಪನಿಯ ಅಡಿಬರಹವನ್ನು ಆ ಜಾಗದಲ್ಲಿ ಇಟ್ಟು ಓದಿ. ಏನೂ ವ್ಯತ್ಯಾಸವಾಗದಿದ್ದರೆ ಆ ಸಾಲನ್ನು ಅಚ್ಚಿಗೆ ಕಳಿಸಬೇಡಿ.